ವಿಡಿಯೋದಲ್ಲಿ ಕೆಂಪು ಅಕ್ಷರ ಯಾಕೆ ಕದಡುತ್ತದೆ? ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕೆಂಪು ಅಕ್ಷರ ಚೂಪಾಗಿಯೇ ಇತ್ತು. ಎಕ್ಸ್‌ಪೋರ್ಟ್ ಮಾಡಿದ ಮೇಲೆ ಅಂಚೆಲ್ಲ ಕದಡಿಹೋಗಿದೆ. ಏನಾಯಿತು?

ಎಡಿಟ್ ಮಾಡುವಾಗ ನೀವು ನೋಡುವ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೂ ಅದರದ್ದೇ ಕೆಂಪು, ಹಸಿರು, ನೀಲಿ ಬೆಲೆಗಳು ಇರುತ್ತವೆ. ವಿಡಿಯೋ ಫೈಲ್ ಹಾಗೆ ಇಟ್ಟುಕೊಳ್ಳುವುದಿಲ್ಲ. ಅದು ಮೊದಲು ಚಿತ್ರವನ್ನು ಎರಡು ಭಾಗ ಮಾಡುತ್ತದೆ. ಒಂದು ಲೂಮಾ, ಅಂದರೆ ಎಲ್ಲಿ ಎಷ್ಟು ಬೆಳಕು ಅನ್ನುವ ಕಪ್ಪು-ಬಿಳುಪು ಚಿತ್ರ. ಇನ್ನೊಂದು ಕ್ರೋಮಾ, ಅಂದರೆ ಎಲ್ಲಿ ಯಾವ ಬಣ್ಣ ಅನ್ನುವ ವಿವರ. ಲೂಮಾ ಪೂರ್ತಿ ಗಾತ್ರದಲ್ಲಿ ಉಳಿಯುತ್ತದೆ. ಕ್ರೋಮಾವನ್ನು ಮಾತ್ರ ಕುಗ್ಗಿಸಿ ಇಡುತ್ತಾರೆ. ಈ ಕುಗ್ಗಿಸುವ ಕೆಲಸಕ್ಕೇ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಎನ್ನುವುದು.

ವಿಡಿಯೋ ಪ್ಲೇ ಆಗುವಾಗ ಕುಗ್ಗಿಸಿದ ಬಣ್ಣವನ್ನು ಮತ್ತೆ ಹಿಗ್ಗಿಸಿ ಲೂಮಾದ ಮೇಲೆ ಕೂರಿಸುತ್ತಾರೆ. ಸಣ್ಣ ಗೆರೆಗಳ ಚಿತ್ರಕ್ಕೆ ದಪ್ಪ ಕುಂಚದಲ್ಲಿ ಬಣ್ಣ ತುಂಬಿದ ಹಾಗೆ ಇದು. ಗೆರೆ ಗಟ್ಟಿಯಾಗಿದ್ದರೆ ಬಣ್ಣ ಸ್ವಲ್ಪ ಆಚೆ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಗೆರೆಯೇ ತೆಳು ಇದ್ದು ಬಣ್ಣವೇ ಆಕಾರ ತೋರಿಸಬೇಕಾದಾಗ ಎಲ್ಲವೂ ಕದಡಿ ಕಾಣುತ್ತದೆ. ಕಪ್ಪು ಹಿನ್ನೆಲೆಯ ಕೆಂಪು ಅಕ್ಷರಕ್ಕೆ ಆಗುವುದು ಇದೇ.

ಬಣ್ಣವನ್ನೇ ಯಾಕೆ ಕುಗ್ಗಿಸುತ್ತಾರೆ?

ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ತುಂಬಾ ಸೂಕ್ಷ್ಮವಾಗಿ ಹಿಡಿಯುತ್ತದೆ, ಬಣ್ಣದ ವ್ಯತ್ಯಾಸವನ್ನು ಅಷ್ಟು ಸೂಕ್ಷ್ಮವಾಗಿ ಹಿಡಿಯುವುದಿಲ್ಲ. 1950ರ ದಶಕದಲ್ಲಿ ಬಣ್ಣದ ಟಿವಿ ಬಂದಾಗಲೇ ಎಂಜಿನಿಯರ್‌ಗಳು ಇದನ್ನು ಬಳಸಿಕೊಂಡಿದ್ದರು. ಬಣ್ಣದ ಸಿಗ್ನಲ್‌ಗೆ ಆಗಲೂ ಕಡಿಮೆ ಬ್ಯಾಂಡ್‌ವಿಡ್ತ್ ಕೊಟ್ಟಿದ್ದರು. ಮುಖ, ಮರ, ಆಕಾಶ ಇಂಥ ಚಿತ್ರಗಳಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಬಣ್ಣ ಬದಲಾಗುವ ಕಡೆಯಲ್ಲೆಲ್ಲ ಬೆಳಕೂ ಬದಲಾಗುತ್ತದೆ. ತೊಂದರೆ ಶುರುವಾಗುವುದು ಕಂಪ್ಯೂಟರ್‌ನಲ್ಲಿ ಬರೆದ ಅಕ್ಷರ, ಗ್ರಾಫ್, ನಕ್ಷೆ, ಬಣ್ಣದ ಕೋಡ್ ಎಡಿಟರ್ ಇವುಗಳಲ್ಲಿ.

4:2:0, 4:2:2, 4:4:4 ಅಂತ ಬರೆದಿರುತ್ತಾರಲ್ಲ, ಹಾಗಂದರೆ?

4 ಪಿಕ್ಸೆಲ್ ಅಗಲ, 2 ಸಾಲು ಎತ್ತರದ ಒಂದು ತುಂಡನ್ನು ಕಲ್ಪಿಸಿಕೊಳ್ಳಿ. ಮೊದಲ ಅಂಕಿ ಆ ಅಗಲ. ಎರಡನೆಯದು ಮೊದಲ ಸಾಲಿನಲ್ಲಿ ಎಷ್ಟು ಬಣ್ಣದ ಸ್ಯಾಂಪಲ್ ಇವೆ ಅನ್ನುವುದು. ಮೂರನೆಯದು ಎರಡನೇ ಸಾಲಿನಲ್ಲಿ ಹೊಸದಾಗಿ ಎಷ್ಟು ಇವೆ ಅನ್ನುವುದು. 4:4:4 ಅಂದರೆ ಬಣ್ಣವನ್ನು ಕುಗ್ಗಿಸಿಲ್ಲ. 4:2:2 ಅಂದರೆ ಅಡ್ಡಕ್ಕೆ ಮಾತ್ರ ಅರ್ಧ. 4:2:0 ಅಂದರೆ ಎರಡನೇ ಸಾಲಿಗೆ ಸ್ವಂತ ಬಣ್ಣವೇ ಇಲ್ಲ, ಅಂದರೆ ಅಡ್ಡಕ್ಕೂ ಅರ್ಧ, ಉದ್ದಕ್ಕೂ ಅರ್ಧ.

ಹಾಗಾಗಿ 1920×1080 ವಿಡಿಯೋದಲ್ಲಿ 4:2:0 ಇದ್ದರೆ ಅದರ ಬಣ್ಣದ ಚಿತ್ರ ಬರೀ 960×540. ಪಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣ. ಎಂಟು ಬಿಟ್‌ನಲ್ಲಿ ಒಂದು ಫ್ರೇಮ್‌ಗೆ 4:4:4 ಆದರೆ 62,20,800 ಬೈಟ್ ಬೇಕು, 4:2:0 ಆದರೆ 31,10,400 ಸಾಕು. ಫೈಲನ್ನು ಕಂಪ್ರೆಸ್ ಮಾಡುವ ಎನ್‌ಕೋಡರ್ ಕೆಲಸ ಶುರು ಮಾಡುವ ಮೊದಲೇ ಅರ್ಧ ಡೇಟಾ ಹೋಗಿರುತ್ತದೆ. ಇಂಟರ್ನೆಟ್‌ನಲ್ಲಿ ನೋಡುವ ಹೆಚ್ಚುಕಡಿಮೆ ಎಲ್ಲ ವಿಡಿಯೋ, ಡಿವಿಡಿ, ಬ್ಲೂ-ರೇ ಎಲ್ಲವೂ 4:2:0.

ಒಂದು ತೆಳುವಾದ ಕೆಂಪು ಗೆರೆಗೆ ನಿಜಕ್ಕೂ ಏನಾಗುತ್ತದೆ? ಲೆಕ್ಕ ತೋರಿಸಬಹುದಾ?

ತೋರಿಸಬಹುದು. ಈ ಲೆಕ್ಕವನ್ನು ಒಂದು ಸಲ ಕೈಯಲ್ಲಿ ಮಾಡಿ ನೋಡಿದರೆ ಮುಂದಿನದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಕಪ್ಪು ಹಿನ್ನೆಲೆ. ಅದರ ಮೇಲೆ ಒಂದೇ ಪಿಕ್ಸೆಲ್ ಅಗಲದ, ನೆಟ್ಟಗೆ ನಿಂತ ಅಪ್ಪಟ ಕೆಂಪು ಗೆರೆ. ಆರ್‌ಜಿಬಿಯಲ್ಲಿ ಅದು 255, 0, 0. ಎಚ್‌ಡಿ ವಿಡಿಯೋಗೆ ಬಳಸುವ BT.709 ಸೂತ್ರದಲ್ಲಿ ಲೂಮಾ ಹೀಗೆ ಬರುತ್ತದೆ:

```
Y = 0.2126 R + 0.7152 G + 0.0722 B
```

ಕೆಂಪಿನ ಪಾಲು ಬರೀ 21% ಚಿಲ್ಲರೆ. ಎಂಟು ಬಿಟ್ ವಿಡಿಯೋದಲ್ಲಿ ಲೂಮಾ 16ರಿಂದ 235ರವರೆಗೆ ಹೋಗುತ್ತದೆ. ಕ್ರೋಮಾದ ಎರಡು ಭಾಗಗಳಾದ Cb ಮತ್ತು Cr 16ರಿಂದ 240ರವರೆಗೆ ಹೋಗುತ್ತವೆ, ಅವುಗಳಲ್ಲಿ 128 ಅಂದರೆ ಬಣ್ಣ ಇಲ್ಲ. ಈ ಅಳತೆಯಲ್ಲಿ ನಮ್ಮ ಎರಡು ಪಿಕ್ಸೆಲ್‌ಗಳು ಹೀಗಿವೆ:

```
          Y    Cb    Cr
ಕೆಂಪು     63   102   240
ಕಪ್ಪು     16   128   128
```

Cr ಕಾಲಂ ನೋಡಿ. ಕೆಂಪು ಅದರ ತುತ್ತತುದಿಯಲ್ಲಿದೆ. Y ಮಾತ್ರ 16ರಿಂದ 63ಕ್ಕೆ ಏರಿದೆ ಅಷ್ಟೆ. ಅಂದರೆ ಇಲ್ಲೊಂದು ಗೆರೆ ಇದೆ ಅನ್ನುವ ಸುದ್ದಿಯ ಬಹುಪಾಲು ಇರುವುದು ಕ್ರೋಮಾದಲ್ಲಿ. ಕುಗ್ಗಿಸುವುದೂ ಅದನ್ನೇ.

ಈಗ ಕುಗ್ಗಿಸೋಣ. ಕೆಂಪು ಪಿಕ್ಸೆಲ್ ಮತ್ತು ಪಕ್ಕದ ಕಪ್ಪು ಪಿಕ್ಸೆಲ್ ಒಂದೇ ಬಣ್ಣ ಹಂಚಿಕೊಳ್ಳಬೇಕು. ಸರಾಸರಿ ತೆಗೆದರೆ Cb 115, Cr 184. ಲೂಮಾ ಮಾತ್ರ ಇಬ್ಬರದ್ದೂ ಹಾಗೇ ಇದೆ. ಇದನ್ನು ವಾಪಸ್ ಆರ್‌ಜಿಬಿಗೆ ತಂದರೆ ಕೆಂಪು ಇದ್ದ ಜಾಗದಲ್ಲಿ ಸುಮಾರು 155, 27, 27 ಬರುತ್ತದೆ. ಕಪ್ಪು ಇದ್ದ ಜಾಗದಲ್ಲಿ ಸುಮಾರು 100, 0, 0 ಬರುತ್ತದೆ. ಎರಡನೆಯದರಲ್ಲಿ ಹಸಿರು ಮತ್ತು ನೀಲಿ ಸೊನ್ನೆಗಿಂತ ಕೆಳಗೆ ಹೋಗುತ್ತವೆ. ಅಂಥ ಬೆಲೆ ಪರದೆಯ ಮೇಲೆ ತೋರಿಸಲು ಆಗುವುದಿಲ್ಲ, ಹಾಗಾಗಿ ಸೊನ್ನೆಗೇ ನಿಲ್ಲಿಸುತ್ತಾರೆ.

ಒಂದು ಉಜ್ವಲ ಕೆಂಪು ಗೆರೆ ಇತ್ತು. ಈಗ ಇರುವುದು ಎರಡು ಪಿಕ್ಸೆಲ್ ಅಗಲದ ಪಟ್ಟಿ: ಅರ್ಧ ಮಂಕು ಇಟ್ಟಿಗೆ ಬಣ್ಣ, ಅರ್ಧ ಗಾಢ ಕೆಂಪು. ಇನ್ನೂ ಒಂದು ಬಿಟ್ ಕೂಡ ಕಂಪ್ರೆಸ್ ಮಾಡಿಲ್ಲ ಅನ್ನುವುದನ್ನು ಗಮನಿಸಿ.

ಇಲ್ಲಿ ನಾನು ತೀರಾ ಸರಳವಾದ ಸರಾಸರಿ ತೆಗೆದುಕೊಂಡೆ. ನಿಜವಾದ ಪ್ರೋಗ್ರಾಂಗಳು ಬೇರೆ ಬೇರೆ ಫಿಲ್ಟರ್ ಬಳಸುತ್ತವೆ. ಅಕ್ಕಪಕ್ಕದ ಇನ್ನಷ್ಟು ಪಿಕ್ಸೆಲ್‌ಗಳನ್ನು ಸೇರಿಸಿಕೊಂಡು ನಯವಾಗಿ ಹಿಗ್ಗಿಸಿದರೆ ಕಲೆ ಎರಡೂ ಬದಿಗೆ ಹರಡುತ್ತದೆ. ಅಂಕಿಗಳು ಬದಲಾಗುತ್ತವೆ, ಕತೆ ಬದಲಾಗುವುದಿಲ್ಲ.

ಬಣ್ಣ ಹರಡಿತು, ಸರಿ. ಆದರೆ ಗೆರೆ ಕಪ್ಪಾಗಿಯೂ ಕಾಣುತ್ತದಲ್ಲ. ಲೂಮಾ ಬದಲಾಗಿಲ್ಲ ಅಂದಿರಿ ಅಲ್ವಾ?

ತುಂಬಾ ಒಳ್ಳೆಯ ಪ್ರಶ್ನೆ. ನನ್ನ ಪ್ರಕಾರ ಈ ವಿಷಯದಲ್ಲಿ ಜನ ಜಾಸ್ತಿ ತಪ್ಪು ತಿಳಿಯುವುದು ಇಲ್ಲೇ.

ವಿಡಿಯೋದ ಲೂಮಾ ನಿಜವಾದ ಬೆಳಕಿನ ಅಳತೆ ಅಲ್ಲ. ಆರ್‌ಜಿಬಿ ಅಂಕಿಗಳು ಬೆಳಕಿಗೆ ನೇರ ಅನುಪಾತದಲ್ಲಿ ಇರುವುದಿಲ್ಲ, ಗಾಮಾ ಅನ್ನುವ ಒಂದು ವಕ್ರರೇಖೆಯ ಪ್ರಕಾರ ಇರುತ್ತವೆ. ಹೀಗೆ ಗಾಮಾ ಹಾಕಿದ ಮೇಲಿನ ಅಂಕಿಗಳನ್ನು ಕೂಡಿಸಿ ಲೂಮಾ ಮಾಡುತ್ತಾರೆ. ಬೂದು ಬಣ್ಣಗಳಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. ಆದರೆ ಗಾಢವಾದ ಬಣ್ಣಗಳಲ್ಲಿ ಬೆಳಕಿನ ಒಂದು ಪಾಲು ಕ್ರೋಮಾದೊಳಗೆ ಸೇರಿಕೊಂಡಿರುತ್ತದೆ. ಕ್ರೋಮಾವನ್ನು ಕದಡಿದರೆ ಆ ಪಾಲೂ ಹೋಗುತ್ತದೆ.

ಮೇಲಿನ ಗೆರೆಯನ್ನೇ ತೆಗೆದುಕೊಳ್ಳಿ. ಪರದೆಯ ಗಾಮಾ 2.2 ಅಂತ ಇಟ್ಟುಕೊಂಡರೆ, 255ರ ಬದಲು 155 ಬಂದ ಪಿಕ್ಸೆಲ್‌ನ ಕೆಂಪು ಬೆಳಕು ಮೂಲದ ಮೂರನೇ ಒಂದು ಭಾಗದಷ್ಟೇ. ಪಕ್ಕದ 100 ಇರುವ ಪಿಕ್ಸೆಲ್‌ನಿಂದ ಸುಮಾರು 13% ಬರುತ್ತದೆ. ಎರಡನ್ನೂ ಕೂಡಿಸಿದರೂ ಮೂಲ ಗೆರೆಯ ಕೆಂಪು ಬೆಳಕಿನ ಅರ್ಧವೂ ಆಗಲಿಲ್ಲ. ಹಾಗಾಗಿ ಗೆರೆ ಹರಡಿದ್ದೂ ನಿಜ, ಮಂಕಾಗಿದ್ದೂ ನಿಜ. ದೂರ ನಿಂತು ನೋಡಿದರೆ ಹರಡಿದ್ದು ಕಾಣದೇ ಇರಬಹುದು, ಮಂಕಾಗಿದ್ದು ಮಾತ್ರ ಕಾಣುತ್ತದೆ.

ಕೆಂಪಿಗೇ ಯಾಕೆ ಈ ಗತಿ? ಹಸಿರಿಗೆ, ನೀಲಿಗೆ ಆಗುವುದಿಲ್ಲವೇ?

ಎಲ್ಲಕ್ಕೂ ಆಗುತ್ತದೆ, ಕಾಣುವುದು ಬೇರೆ ಬೇರೆ ಥರ. ಅಪ್ಪಟ ಹಸಿರಿನ ಲೂಮಾ ಇದೇ ಅಳತೆಯಲ್ಲಿ 173. ಕಪ್ಪು ಹಿನ್ನೆಲೆಯಲ್ಲಿ ಹಸಿರು ಅಕ್ಷರದ ಆಕಾರ ಲೂಮಾದಲ್ಲೇ ಗಟ್ಟಿಯಾಗಿ ನಿಂತಿರುತ್ತದೆ, ಬಣ್ಣ ಸ್ವಲ್ಪ ಪೇಲವವಾಗಬಹುದು ಅಷ್ಟೆ. ನೀಲಿಯ ಲೂಮಾ ಬರೀ 32, ಕೆಂಪಿಗಿಂತಲೂ ಕಡಿಮೆ. ಆದರೆ ನೀಲಿಯ ಸಣ್ಣ ವಿವರಗಳನ್ನು ನಮ್ಮ ಕಣ್ಣು ಮೊದಲೇ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಅದು ಕದಡಿದ್ದು ಅಷ್ಟಾಗಿ ಚುಚ್ಚುವುದಿಲ್ಲ. ಕೆಂಪಿನಲ್ಲಿ ಎರಡೂ ತೊಂದರೆ ಒಟ್ಟಿಗೆ ಬಂದಿವೆ: ಲೂಮಾ ಕಡಿಮೆ, ಕಣ್ಣಿಗೆ ಮಾತ್ರ ಎದ್ದು ಕಾಣುತ್ತದೆ.

ಹಿನ್ನೆಲೆಯೂ ಅಷ್ಟೇ ಮುಖ್ಯ. ನೀಲಿಯ ಮೇಲೆ ಕೆಂಪು ಬರೆದರೆ ಲೂಮಾದಲ್ಲಿ ಇರುವ ಅಂತರ 32ಕ್ಕೂ 63ಕ್ಕೂ ಮಧ್ಯೆ ಅಷ್ಟೆ. ಇದಕ್ಕಿಂತ ಕೆಟ್ಟ ಜೋಡಿ ಬೇಕೆಂದರೆ 54, 54, 54 ಅನ್ನುವ ಗಾಢ ಬೂದು ಬಣ್ಣದ ಮೇಲೆ ಅಪ್ಪಟ ಕೆಂಪು ಬರೆದು ನೋಡಿ. BT.709 ಪ್ರಕಾರ ಎರಡರ ಲೂಮಾವೂ ಒಂದೇ. ಲೂಮಾ ಚಿತ್ರದಲ್ಲಿ ಅಕ್ಷರವೇ ಇರುವುದಿಲ್ಲ! ಇಡೀ ಪದ 960×540ರ ಬಣ್ಣದ ಚಿತ್ರದಲ್ಲಿ ಮಾತ್ರ ಉಳಿದಿರುತ್ತದೆ. ಡಾರ್ಕ್ ಥೀಮ್ ಹಾಕಿದ ಎಡಿಟರ್‌ಗಳಲ್ಲಿ ಕೆಂಪು ಎರರ್ ಗೆರೆ, ಕೆಂಪು ಅಕ್ಷರ ರೆಕಾರ್ಡಿಂಗ್‌ನಲ್ಲಿ ಕರಗಿಹೋಗುವುದು ಇದಕ್ಕೇ.

ಬಿಳಿ ಹಿನ್ನೆಲೆಯಲ್ಲಿ ಕೆಂಪು ಬರೆದರೆ ಇಷ್ಟು ತೊಂದರೆ ಇಲ್ಲ. ಅಲ್ಲಿ ಲೂಮಾ 235ರಿಂದ 63ಕ್ಕೆ ಇಳಿಯುತ್ತದೆ, ಆಕಾರ ಉಳಿಯುತ್ತದೆ. ಅಂಚಿನ ಬಿಳಿಗೆ ಸ್ವಲ್ಪ ಗುಲಾಬಿ ಛಾಯೆ ಬರುತ್ತದೆ.

ಬಿಟ್‌ರೇಟ್ ಜಾಸ್ತಿ ಮಾಡಿದರೆ ಸರಿಹೋಗುತ್ತದಾ?

ಇಲ್ಲ. ಬಿಟ್‌ರೇಟ್ ಎಷ್ಟೇ ಕೊಟ್ಟರೂ ಎನ್‌ಕೋಡರ್‌ಗೆ ಸಿಗುವುದು ಆಗಲೇ ಕುಗ್ಗಿಸಿದ ಬಣ್ಣ. ನಷ್ಟವೇ ಇಲ್ಲದ ಹಾಗೆ ಎನ್‌ಕೋಡ್ ಮಾಡಿದರೂ ಅದು ಉಳಿಸುವುದು ಕದಡಿದ್ದನ್ನೇ. ಕಡಿಮೆ ಬಿಟ್‌ರೇಟ್ ಇದರ ಮೇಲೆ ಇನ್ನಷ್ಟು ಹಾಳು ಮಾಡಬಹುದು, ಆದರೆ ಅದು ಬೇರೆ ಕಾಯಿಲೆ.

ಹಾಗಾದರೆ ತಪ್ಪು ಸಬ್‌ಸ್ಯಾಂಪ್ಲಿಂಗ್‌ನದ್ದಾ, ಕಂಪ್ರೆಶನ್‌ನದ್ದಾ ಅಂತ ಹೇಗೆ ತಿಳಿಯುವುದು?

ಕಂಪ್ರೆಶನ್ನನ್ನು ಪೂರ್ತಿ ಪಕ್ಕಕ್ಕಿಟ್ಟು ನೋಡಬೇಕು. ನಿಮ್ಮ ಗ್ರಾಫಿಕ್ ಇರುವ ಒಂದು ಪಿಎನ್‌ಜಿ ತೆಗೆದುಕೊಳ್ಳಿ. ಅದನ್ನು ಸುಮ್ನೆ 4:2:0ಗೆ ಬದಲಿಸಿ, ವಾಪಸ್ ಆರ್‌ಜಿಬಿಗೆ ತಂದು, ಮತ್ತೆ ಪಿಎನ್‌ಜಿ ಆಗಿಯೇ ಉಳಿಸಿ. ffmpeg ಅನ್ನುವ ಕಮಾಂಡ್‌ಲೈನ್ ವಿಡಿಯೋ ಪ್ರೋಗ್ರಾಂ ಇದ್ದರೆ ಎರಡು ಸಾಲಿನ ಕೆಲಸ:

```
ffmpeg -i in.png -vf "format=yuv420p,format=rgb24" t420.png
ffmpeg -i in.png -vf "format=yuv444p,format=rgb24" t444.png
```

ಎರಡನ್ನೂ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು ನೋಡಿ. t420 ಕದಡಿದ್ದು t444 ಚೂಪಾಗಿದ್ದರೆ ಸಬ್‌ಸ್ಯಾಂಪ್ಲಿಂಗ್‌ನದ್ದೇ ಕೆಲಸ. ಎರಡೂ ಚೆನ್ನಾಗಿದ್ದು ಎಕ್ಸ್‌ಪೋರ್ಟ್ ಮಾತ್ರ ಕೆಟ್ಟಿದ್ದರೆ ಬಿಟ್‌ರೇಟ್ ಕಡೆ, ಅಥವಾ ಮಧ್ಯೆ ಎಲ್ಲೋ ಚಿತ್ರದ ಗಾತ್ರ ಬದಲಾಗಿದೆಯೇ ಅನ್ನುವ ಕಡೆ ನೋಡಿ. ಇಲ್ಲಿ ffmpeg ಏನೂ ಹೇಳದಿದ್ದರೆ ಹಳೆಯ BT.601 ಸೂತ್ರ ಬಳಸುತ್ತದೆ, ಹಾಗಾಗಿ ಅಂಕಿಗಳು ನನ್ನ ಲೆಕ್ಕಕ್ಕೆ ಸರಿಯಾಗಿ ಹೊಂದುವುದಿಲ್ಲ. ಕಣ್ಣಿಗೆ ಕಾಣುವ ಕಲೆ ಅದೇ.

ಆಗಲೇ ತಯಾರಾದ ಫೈಲ್ ಒಳಗೆ ಏನಿದೆ ಅಂತ ನೋಡಲು:

```
ffprobe -v error -select_streams v:0 -show_entries stream=pix_fmt,chroma_location out.mp4
```

yuv420p ಅಂತ ಬಂದರೆ 4:2:0, yuv444p ಅಂತ ಬಂದರೆ ಪೂರ್ತಿ ಬಣ್ಣ. ಇನ್ನೂ ಒಂದು ಪರೀಕ್ಷೆ ನನಗೆ ತುಂಬಾ ಇಷ್ಟ, ಲೂಮಾ ಒಂದನ್ನೇ ಹೊರಗೆ ತೆಗೆದು ನೋಡುವುದು:

```
ffmpeg -i out.mp4 -vf extractplanes=y -frames:v 1 luma.png
```

ಈ ಕಪ್ಪು-ಬಿಳುಪು ಚಿತ್ರದಲ್ಲಿ ನಿಮ್ಮ ಅಕ್ಷರ ಸಲೀಸಾಗಿ ಓದಲು ಬಂದರೆ ವಿಡಿಯೋದಲ್ಲೂ ಓದಲು ಬರುತ್ತದೆ. ಇಲ್ಲಿ ಕಾಣದಿದ್ದರೆ ಬೇರೆ ಯಾವ ಸೆಟ್ಟಿಂಗ್ ಬದಲಿಸಿಯೂ ಪ್ರಯೋಜನವಿಲ್ಲ, ಬಣ್ಣವನ್ನೇ ಬದಲಿಸಬೇಕು. y ಜಾಗದಲ್ಲಿ v ಹಾಕಿದರೆ Cr ಚಿತ್ರ ಸಿಗುತ್ತದೆ. ಅದರ ಗಾತ್ರ ಅರ್ಧ ಇರುವುದನ್ನು ನೀವೇ ನೋಡಬಹುದು.

ಬಣ್ಣ ಕದಡಿರುವುದಲ್ಲ, ಒಂದೇ ಬದಿಗೆ ಸರಿದಂತೆ ಕಾಣುತ್ತಿದೆ. ಇದೂ ಅದೇನಾ?

ಹತ್ತಿರದ ಸಂಬಂಧಿ. ಕುಗ್ಗಿಸಿದ ಬಣ್ಣದ ಸ್ಯಾಂಪಲ್ ಎಲ್ಲಿ ಕೂತಿದೆ ಅನ್ನುವುದರಲ್ಲಿ ಎರಡು ಪದ್ಧತಿ ಇವೆ. ಜೆಪೆಗ್ ಮತ್ತು ಎಂಪೆಗ್-1ರಲ್ಲಿ ಅದು ನಾಲ್ಕು ಪಿಕ್ಸೆಲ್‌ಗಳ ನಟ್ಟನಡುವೆ. ಎಂಪೆಗ್-2 ಮತ್ತು ಸಾಮಾನ್ಯ H.264ರಲ್ಲಿ ಎಡಗಡೆಯ ಪಿಕ್ಸೆಲ್‌ಗಳ ನೇರಕ್ಕೆ. ಒಂದು ಪದ್ಧತಿಯಲ್ಲಿ ಕುಗ್ಗಿಸಿ ಇನ್ನೊಂದರಲ್ಲಿ ಹಿಗ್ಗಿಸಿದರೆ ಬಣ್ಣ ಅರ್ಧ ಪಿಕ್ಸೆಲ್ ಪಕ್ಕಕ್ಕೆ ಸರಿಯುತ್ತದೆ. ಒಂದು ಸಲವಾದರೆ ಗೊತ್ತಾಗುವುದು ಕಷ್ಟ. ಅದೇ ವಿಡಿಯೋವನ್ನು ನಾಲ್ಕಾರು ಸಲ ಹೀಗೆ ಬದಲಿಸಿದರೆ ಕೆಂಪು ಅಕ್ಷರದ ಒಂದು ಬದಿಯಲ್ಲಿ ಕೆಂಪು ನೆರಳು, ಇನ್ನೊಂದು ಬದಿಯಲ್ಲಿ ಬಣ್ಣವಿಲ್ಲದ ಅಂಚು ಕಾಣುತ್ತದೆ. ಕಲೆ ಎರಡೂ ಬದಿಗೆ ಸಮನಾಗಿದ್ದರೆ ಸಬ್‌ಸ್ಯಾಂಪ್ಲಿಂಗ್, ಎಲ್ಲ ಅಕ್ಷರಕ್ಕೂ ಒಂದೇ ದಿಕ್ಕಿಗಿದ್ದರೆ ಈ ಜಾಗದ ಗೊಂದಲವನ್ನು ಅನುಮಾನಿಸಿ.

4:2:2ನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಸಾಕಾ?

ಅಡ್ಡ ಗೆರೆಗೆ ಸಾಕು. ನಿಂತ ಗೆರೆಗೆ ಸಾಲದು. 4:2:2 ಕುಗ್ಗಿಸುವುದು ಅಡ್ಡಕ್ಕೆ ಮಾತ್ರ ಅಂದೆನಲ್ಲ, ಹಾಗಾಗಿ ಮೇಲಿನ ಲೆಕ್ಕದ ನಿಂತ ಗೆರೆಗೆ 4:2:2ನಲ್ಲೂ ಅದೇ 155, 27, 27 ಬರುತ್ತದೆ. ಅಕ್ಷರಗಳಲ್ಲಿ ಎರಡೂ ಥರದ ಗೆರೆ ಇರುತ್ತವೆ.

ಮತ್ತೆ 4:4:4 ಯಾಕೆ ಎಲ್ಲರೂ ಬಳಸುವುದಿಲ್ಲ?

ಫೈಲ್ ತಯಾರಿಸುವುದು ಸುಲಭ:

```
ffmpeg -i in.mov -c:v libx264 -crf 18 -pix_fmt yuv444p out.mp4
```

ಇದು H.264ರ High 4:4:4 Predictive ಪ್ರೊಫೈಲ್‌ನಲ್ಲಿ ಬರುತ್ತದೆ. ಕಷ್ಟ ಇರುವುದು ಪ್ಲೇ ಮಾಡುವ ಕಡೆ. ಫೋನ್, ಟಿವಿಗಳಲ್ಲಿರುವ ಹಾರ್ಡ್‌ವೇರ್ ಡಿಕೋಡರ್‌ಗಳು ಸಾಮಾನ್ಯವಾಗಿ ಇದನ್ನು ಓದುವುದಿಲ್ಲ. ವಿಡಿಯೋ ಸೈಟ್‌ಗೆ ಹಾಕಿದರೆ ಅವರು ತಮ್ಮ ಕಡೆ ಮತ್ತೆ ಎನ್‌ಕೋಡ್ ಮಾಡುತ್ತಾರೆ, ನೋಡುವವರಿಗೆ ತಲುಪುವುದು 4:2:0ನೇ. ನಿಮ್ಮ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳುವ ಮೂಲ ಪ್ರತಿಗೆ, ಮುಂದೆ ಎಡಿಟ್ ಮಾಡುವ ಸ್ಕ್ರೀನ್ ರೆಕಾರ್ಡಿಂಗ್‌ಗೆ 4:4:4 ಖಂಡಿತ ಒಳ್ಳೆಯದು. ಹಂಚುವ ಪ್ರತಿಗೆ ಅದನ್ನು ನಂಬಿಕೊಳ್ಳಬೇಡಿ.

ಹಾಗಾದರೆ 4:2:0ನಲ್ಲೇ ಕೆಂಪು ಅಕ್ಷರ ಚೆನ್ನಾಗಿ ಕಾಣಲು ಏನು ಮಾಡಬೇಕು?

ಆಕಾರವನ್ನು ಲೂಮಾಗೆ ವಹಿಸಿ. ಇದೊಂದನ್ನು ಹಿಡಿದುಕೊಂಡರೆ ದಾರಿಗಳು ಹಲವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಿರುಗಿಸಿ ಹಾಕುವುದು: ಕೆಂಪು ಅಕ್ಷರದ ಬದಲು ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರ. ಪಟ್ಟಿ ದೊಡ್ಡದು, ಅದರ ಬಣ್ಣಕ್ಕೆ ಕಡಿಮೆ ಸ್ಯಾಂಪಲ್ ಸಾಕು. ಅಕ್ಷರದ ಅಂಚನ್ನು ಲೂಮಾ ಹಿಡಿದಿರುತ್ತದೆ. ಒಂದೇ ಪಿಕ್ಸೆಲ್ ಅಗಲದ ಬಿಳಿ ಗೆರೆ ಕೂಡ ಸುಮಾರು 255, 228, 228 ಆಗಿ, ತುಸು ಗುಲಾಬಿಯಾಗಿ, ಚೂಪಾಗಿಯೇ ಉಳಿಯುತ್ತದೆ. ಎಚ್ಚರಿಕೆಯ ಕೆಂಪು ಎದ್ದು ಕಾಣಬೇಕು ಅನ್ನುವ ಉದ್ದೇಶವೂ ಕೆಡುವುದಿಲ್ಲ.

ಅಕ್ಷರವೇ ಕೆಂಪಾಗಿರಬೇಕು, ಹಿನ್ನೆಲೆ ಕಪ್ಪೇ ಇರಬೇಕು ಅಂದರೆ ಕೆಂಪನ್ನು ತಿಳಿ ಮಾಡಿ. 255, 120, 120 ಹಾಕಿದರೆ ಲೂಮಾ 63ರಿಂದ 144ಕ್ಕೆ ಏರುತ್ತದೆ, ಕ್ರೋಮಾದ ಹೊರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪರದೆಯಲ್ಲಿ ಅದು ಇನ್ನೂ ಕೆಂಪು ಅಂತಲೇ ಅನಿಸುತ್ತದೆ, ಅದರಲ್ಲೂ ಪಕ್ಕದಲ್ಲಿ ಅಪ್ಪಟ ಕೆಂಪು ಇಲ್ಲದಿದ್ದರೆ. ಫೋಟೋ ಅಥವಾ ಓಡುವ ದೃಶ್ಯದ ಮೇಲೆ ಕೆಂಪು ಬರೆಯುವುದಾದರೆ ಸುತ್ತ ಎರಡು-ಮೂರು ಪಿಕ್ಸೆಲ್ ಬಿಳಿ ಔಟ್‌ಲೈನ್ ಕೊಡಿ, ಲೂಮಾಗೆ ಅಂಚು ಸಿಗುತ್ತದೆ.

ಗೆರೆಗಳನ್ನು ದಪ್ಪ ಮಾಡುವುದೂ ಸಹಾಯ ಮಾಡುತ್ತದೆ. ಆದರೆ ಎರಡು ಪಿಕ್ಸೆಲ್ ಗೆರೆ ಮೋಸ ಮಾಡಬಹುದು. ಕಾಲಂಗಳನ್ನು ಸೊನ್ನೆಯಿಂದ ಎಣಿಸಿದಾಗ ಅದು ಸರಿಸಂಖ್ಯೆಯ ಕಾಲಂನಲ್ಲಿ ಶುರುವಾದರೆ ಸರಳ ಸರಾಸರಿಯಲ್ಲಿ ಪೂರ್ತಿ ಉಳಿಯುತ್ತದೆ. ಒಂದು ಪಿಕ್ಸೆಲ್ ಸರಿದು ಬೆಸಸಂಖ್ಯೆಯಲ್ಲಿ ಶುರುವಾದರೆ ಎರಡು ಜೋಡಿಗಳ ಮೇಲೆ ಕೂತು ನಾಲ್ಕು ಪಿಕ್ಸೆಲ್ ಅಗಲಕ್ಕೆ ಹರಡುತ್ತದೆ. ನಿಧಾನವಾಗಿ ಓಡುವ ಕೆಂಪು ಅಕ್ಷರಗಳು ಮಿಣುಕಿದಂತೆ ಕಾಣುವುದಕ್ಕೆ ಇದೊಂದು ಕಾರಣ. ನಾಲ್ಕು ಪಿಕ್ಸೆಲ್ ದಪ್ಪ ಇದ್ದರೆ ಎಲ್ಲಿ ಕೂತರೂ ನಡುವೆ ಸ್ವಲ್ಪವಾದರೂ ಅಸಲಿ ಬಣ್ಣ ಉಳಿಯುತ್ತದೆ.

ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಬಣ್ಣ ನನ್ನ ಕೈಯಲ್ಲಿ ಇಲ್ಲವಲ್ಲ?

ಮೊದಲು ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ನ ಸೆಟ್ಟಿಂಗ್ ನೋಡಿ. OBSನಲ್ಲಿ Advanced ಒಳಗೆ Color Format ಇದೆ. ಅಲ್ಲಿ NV12 ಅಂದರೆ 4:2:0, I444 ಅಂದರೆ 4:4:4. ಎಡಿಟ್ ಮಾಡುವ ಉದ್ದೇಶವಿದ್ದರೆ, ನಿಮ್ಮ ಎನ್‌ಕೋಡರ್ ಒಪ್ಪಿದರೆ, I444 ಇಟ್ಟುಕೊಳ್ಳಿ. ಆಗ ಜೂಮ್ ಮಾಡಿ ತೋರಿಸುವ ಭಾಗಗಳಲ್ಲಿ ಬಣ್ಣ ಅಸಲಿಯಾಗಿರುತ್ತದೆ, ಕೊನೆಯ ಎಕ್ಸ್‌ಪೋರ್ಟ್‌ನಲ್ಲಿ ಒಂದೇ ಸಲ ಕುಗ್ಗುತ್ತದೆ.

ಎರಡನೆಯ ಉಪಾಯ ಗಾತ್ರ. 3840×2160ರ 4:2:0 ವಿಡಿಯೋದಲ್ಲಿ ಬಣ್ಣದ ಚಿತ್ರ 1920×1080 ಇರುತ್ತದೆ. ಪರದೆಯ ಅಕ್ಷರಗಳನ್ನು ಎರಡು ಪಟ್ಟು ಸ್ಕೇಲ್ ಮಾಡಿ 4ಕೆ ರೆಕಾರ್ಡ್ ಮಾಡಿದರೆ ಪ್ರತಿ ಗೆರೆಯೂ ಎರಡು ಪಟ್ಟು ದಪ್ಪ ಬರುತ್ತದೆ. 4ಕೆಯಲ್ಲೇ ನೋಡುವವರಿಗೆ 1080ರ ಪೂರ್ತಿ ಬಣ್ಣದಷ್ಟು ವಿವರ ಸಿಗುತ್ತದೆ. ಸೈಟ್ ಕೊಡುವ 1080 ಪ್ರತಿಯನ್ನು ನೋಡುವವರಿಗೆ ಈ ಲಾಭ ಇಲ್ಲ, ಅದು ಮತ್ತೆ 4:2:0ಗೆ ಕುಗ್ಗಿರುತ್ತದೆ.

ಏನೂ ಎನ್‌ಕೋಡ್ ಮಾಡಿಲ್ಲ, ಕಂಪ್ಯೂಟರ್ ಅನ್ನು ಟಿವಿಗೆ ಹಾಕಿದರೂ ಕೆಂಪು ಅಕ್ಷರ ಕದಡಿದೆ. ಇದು ಯಾಕೆ?

ಕೇಬಲ್‌ನಲ್ಲೂ ಇದೇ ಉಪಾಯ ಬಳಸುತ್ತಾರೆ. ಎಚ್‌ಡಿಎಂಐ 2.0ರಲ್ಲಿ 4ಕೆ 60 ಹರ್ಟ್ಸ್ ಎಂಟು ಬಿಟ್ 4:4:4 ಹಿಡಿಸುತ್ತದೆ, ಹತ್ತು ಬಿಟ್ 4:4:4 ಹಿಡಿಸುವುದಿಲ್ಲ. ಎಚ್‌ಡಿಆರ್ ಹಾಕಿದ ಕೂಡಲೇ ಗ್ರಾಫಿಕ್ಸ್ ಕಾರ್ಡ್ ತಾನಾಗಿ 4:2:2 ಅಥವಾ 4:2:0ಗೆ ಇಳಿಯಬಹುದು. ಕೆಲವು ಟಿವಿಗಳು ಪೂರ್ತಿ ಬಣ್ಣ ಬಂದರೂ ಒಳಗೇ ಕುಗ್ಗಿಸುತ್ತವೆ. ಆ ಇನ್‌ಪುಟ್‌ಗೆ ಪಿಸಿ ಅಂತ ಹೆಸರು ಕೊಟ್ಟರೆ ಅಥವಾ ಪಿಸಿ ಮೋಡ್ ಹಾಕಿದರೆ ನಿಲ್ಲಿಸುತ್ತವೆ. ಪರೀಕ್ಷಿಸಲು ನೀಲಿ ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಅಕ್ಷರ ಬರೆದು ನೂರಕ್ಕೆ ನೂರು ಗಾತ್ರದಲ್ಲಿ ನೋಡಿ. ಸ್ಕ್ರೀನ್‌ಶಾಟ್‌ನಲ್ಲಿ ಚೂಪಾಗಿದ್ದು ಟಿವಿಯ ಮೇಲೆ ಮಾತ್ರ ಕದಡಿದ್ದರೆ ಮೊದಲು ಟಿವಿಯ ಇನ್‌ಪುಟ್ ಸೆಟ್ಟಿಂಗ್, ಆಮೇಲೆ ಗ್ರಾಫಿಕ್ಸ್ ಕಾರ್ಡ್‌ನ ಔಟ್‌ಪುಟ್ ಸೆಟ್ಟಿಂಗ್ ಬದಲಿಸಿ.